ಹುಡುಕಿದವರಿಗೆ ಸಿಗುವ ವಚನ ಪ್ಲೇಲಿಸ್ಟ್: ಹೆಸರು, ವಿವರಣೆ, ಮುಖಚಿತ್ರ ಹಾಕಿದ ಅನುಭವ

ಸ್ಪಾಟಿಫೈನಲ್ಲಿ ನಾನು ಮಾಡಿಟ್ಟಿದ್ದ ವಚನ ಗಾಯನದ ಪ್ಲೇಲಿಸ್ಟ್ ಈಗ ನನ್ನ ಪರಿಚಯವೇ ಇಲ್ಲದವರಿಗೂ ಹುಡುಕಿದರೆ ಸಿಗುತ್ತಿದೆ. ಹೋದ ವಾರವಷ್ಟೇ ಈ ಕೆಲಸ ಮುಗಿಯಿತು. ಹೆಸರು ಬದಲಿಸಿ ಒಂದು ಫೋಟೋ ಹಾಕಿದರೆ ಆಯಿತು ಅನ್ನಿಸುವ ಕೆಲಸಕ್ಕೆ ಶ್ರಾವಣ ಪೂರ್ತಿ ಹಿಡಿಯಿತು. ನಡುವೆ ಎದುರಾದ ತೊಡಕುಗಳನ್ನು ಕನ್ನಡದಲ್ಲಿ ಎಲ್ಲೂ ಯಾರೂ ಬರೆದಿಟ್ಟದ್ದು ನನಗೆ ಸಿಗಲಿಲ್ಲ. ಹಾಗಾಗಿ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆ. ಸಂಜೆ ಹೊತ್ತು ಮಕ್ಕಳಿಗೆ, ಕೆಲವು ಗೃಹಿಣಿಯರಿಗೆ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ಖಯಾಲ್ ಕಲಿಯುವ ಮೊದಲೇ ನಮ್ಮ ಕಡೆಯ ಮಕ್ಕಳ ಕಿವಿಗೆ ವಚನ ಬಿದ್ದಿರುತ್ತದೆ. ಮಠದ ಪ್ರವಚನದಲ್ಲಿ, ಮನೆಯ ಪೂಜೆಯಲ್ಲಿ, ಶಾಲೆಯ ಸಭೆಯಲ್ಲಿ ಕೇಳಿರುತ್ತಾರೆ. ಅದೇ ವಚನವನ್ನು ಮಲ್ಲಿಕಾರ್ಜುನ ಮನ್ಸೂರರು ಹೇಗೆ ಹಾಡಿದ್ದಾರೆ, ಬಸವರಾಜ ರಾಜಗುರುಗಳು ಹೇಗೆ ಬಿಡಿಸಿದ್ದಾರೆ ಎಂದು ಕೇಳಿಸಿದರೆ ರಾಗ ತಾನಾಗಿ ಮನಸ್ಸಿಗೆ ಇಳಿಯುತ್ತದೆ. ಅದಕ್ಕಾಗಿ ವರ್ಷಗಳಿಂದ ಒಂದೊಂದೇ ಹಾಡು ಸೇರಿಸುತ್ತಾ ಬಂದ ಪಟ್ಟಿ ಇದು. ಪಾಠಕ್ಕೆಂದೇ ಹುಟ್ಟಿದ್ದರಿಂದ ಅದರ ಹೆಸರು `Class 2` ಅಂತಿತ್ತು. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸುತ್ತಿದ್ದೆ, ಮಕ್ಕಳು ಒತ್ತಿ ಕೇಳುತ್ತಿದ್ದರು. ಲಿಂಕ್ ಕೈಯಲ್ಲಿರುವವರಿಗೆ ಹೆಸರು ಏನಿದ್ದರೇನು.

ಸಮಸ್ಯೆ ಗೊತ್ತಾದದ್ದು ಚಳ್ಳಕೆರೆಯಿಂದ. ಅಲ್ಲಿಂದ ಬರುವ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಹೊಸ ಫೋನ್ ತಗೊಂಡರು. ಹಳೆಯ ಲಿಂಕ್ ಹೋಯಿತು. "ನಿಮ್ಮ ಟೀಚರ್ ಹಾಕಿದ್ದ ವಚನ ಹುಡುಕಿಕೊಡೇ" ಎಂದು ಮೊಮ್ಮಗಳಿಗೆ ಕೇಳಿದರಂತೆ. ಅವಳು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಗಲು ಸಾಧ್ಯವೂ ಇರಲಿಲ್ಲ. ಅಷ್ಟು ಚೆನ್ನಾಗಿ ಕೂಡಿಬಂದ ಗಾಯನ ಅಲ್ಲಿದೆ, ಬೇಕು ಅನ್ನುವವರೂ ಇದ್ದಾರೆ, ನಡುವೆ ದಾರಿ ಮಾತ್ರ ಇಲ್ಲ ಅನ್ನುವುದು ನನಗೆ ಬಹಳ ಬೇಸರ ತರಿಸಿತು. ನಮ್ಮ ಪಾಠಕ್ಕೆ ಬರದವರಿಗೂ ಇದು ಸಿಗಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ತಮ್ಮನ ಮಗ ಬೆಂಗಳೂರಿನಿಂದ ರಜೆಗೆ ಬಂದಿದ್ದ. "ಅತ್ತೆ, ಮೊದಲು ಹೆಸರು ಸರಿ ಮಾಡಿ, ಉಳಿದದ್ದು ಆಮೇಲೆ" ಅಂದ. ಅಲ್ಲಿಂದ ಶುರು.

ಹೆಸರು ನಾನೇ ಕೂತು ಯೋಚಿಸುವ ಬದಲು, ಇಂಥದ್ದು ಬೇಕಾದಾಗ ಏನು ಟೈಪ್ ಮಾಡುತ್ತೀರಿ ಎಂದು ಜನರನ್ನೇ ಕೇಳಿದೆ. ಪಾಠಕ್ಕೆ ಬರುವವರು, ಅವರ ತಾಯಂದಿರು, ಹರಿಹರದ ನಮ್ಮ ಬೀಗರು, ಹೀಗೆ ಸಿಕ್ಕವರನ್ನೆಲ್ಲ. ಈ ಹಂತಕ್ಕೆ ಹೆಚ್ಚು ಸಮಯ ಹೋಯಿತು, ಎಲ್ಲಕ್ಕಿಂತ ಹೆಚ್ಚು ಪ್ರಯೋಜನವೂ ಇದರಿಂದಲೇ ಆಯಿತು. ಉತ್ತರಗಳು ಎರಡು ಗುಂಪಾಗಿ ಬಂದವು. ಕಾಲೇಜು ಮಕ್ಕಳು ಇಂಗ್ಲಿಷ್ ಅಕ್ಷರದಲ್ಲಿ `basavanna vachana`, `akkamahadevi vachana` ಎಂದು ಹೊಡೆಯುತ್ತಾರೆ. ವಯಸ್ಸಾದವರು ಕೀಬೋರ್ಡಿನ ಮೈಕ್ ಒತ್ತಿ ಬಾಯಲ್ಲಿ ಹೇಳುತ್ತಾರೆ. ಹಾಗೆ ಹೇಳಿದ್ದು ಕನ್ನಡ ಲಿಪಿಯಲ್ಲೇ ಬೀಳುತ್ತದೆ. ಅಂದರೆ ಒಂದೇ ಲಿಪಿಯಲ್ಲಿ ಹೆಸರಿಟ್ಟರೆ ಅರ್ಧ ಜನ ಆಚೆಗೇ ಉಳಿಯುತ್ತಾರೆ. ಎರಡೂ ಇರಲೇಬೇಕು.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. "ವಚನ" ಎಂದಷ್ಟೇ ಹುಡುಕಿದರೆ ಶರಣರ ವಚನಗಳ ಜೊತೆಗೆ ಬೈಬಲ್ ವಚನಗಳ ವಾಚನವೂ ಬರುತ್ತದೆ, ತೆಲುಗಿನವೂ ಬರುತ್ತವೆ. ಅದು ಹುಡುಕಾಟದ ತಪ್ಪಲ್ಲ, ಆ ಶಬ್ದವನ್ನು ಬಳಸುವವರು ಹಲವರು. ಆದ್ದರಿಂದ "ವಚನ" ಪಕ್ಕದಲ್ಲಿ ಇನ್ನೊಂದು ಶಬ್ದ ನಿಲ್ಲಬೇಕು. "ಶರಣರ" ಅಂದರೆ ಕನ್ನಡದವರಿಗೆ ತಕ್ಷಣ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಯಾರೂ `sharanara` ಎಂದು ಹೊಡೆಯುವುದಿಲ್ಲ, ಬಸವಣ್ಣನ ಹೆಸರನ್ನೇ ಹೊಡೆಯುತ್ತಾರೆ. ಎರಡು ಲಿಪಿಯಲ್ಲಿ ಒಂದೇ ಹೆಸರನ್ನು ಬರೆಯುವ ಬದಲು ಆಯಾ ಲಿಪಿಯವರು ಹುಡುಕುವ ಶಬ್ದವನ್ನೇ ಇಡುವುದು ಒಳ್ಳೆಯದು ಅನ್ನಿಸಿತು.

ಆಮೇಲೆ ಅಕ್ಷರದ ಲೆಕ್ಕ. ಸ್ಪಾಟಿಫೈನಲ್ಲಿ ಪ್ಲೇಲಿಸ್ಟ್ ಹೆಸರಿಗೆ 100 ಅಕ್ಷರದ ಮಿತಿ. ಧಾರಾಳವಾಯಿತು ಅನ್ನಿಸುತ್ತದೆ, ಆದರೆ ಕನ್ನಡದಲ್ಲಿ ಬರೆಯುವವರು ಸ್ವಲ್ಪ ಎಚ್ಚರವಾಗಿರಬೇಕು. ನಾವು ಕಾಗುಣಿತ, ಒತ್ತು ಸೇರಿಸಿ ಒಂದು ಅಕ್ಷರ ಅನ್ನುತ್ತೇವೆ. ಕಂಪ್ಯೂಟರ್ ಅದನ್ನು ಬಿಡಿಸಿ ಎಣಿಸುತ್ತದೆ. "ಹಿಂದೂಸ್ತಾನಿ" ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಅದರ ಎಣಿಕೆಯಲ್ಲಿ ಹ, ಗುಡಿಸು, ಸೊನ್ನೆ, ದ, ಊಕಾರದ ಕೊಂಬು, ಸ, ಅರ್ಧಾಕ್ಷರದ ಚಿಹ್ನೆ, ತ, ದೀರ್ಘ, ನ, ಮತ್ತೊಂದು ಗುಡಿಸು ಸೇರಿ 11. ಹೆಸರಿನಲ್ಲಿ ಇದರಿಂದ ದೊಡ್ಡ ತೊಂದರೆ ಆಗಲಿಲ್ಲ, ವಿವರಣೆ ಬರೆಯುವಾಗ ಇದೇ ಮುಖ್ಯವಾಯಿತು.

ಮಿತಿಗಿಂತ ದೊಡ್ಡ ಪ್ರಶ್ನೆ, ಮೊಬೈಲಿನಲ್ಲಿ ಎಷ್ಟು ಕಾಣುತ್ತದೆ ಅನ್ನುವುದು. ಹುಡುಕಿದಾಗ ಬರುವ ಸಾಲಿನಲ್ಲಿ ಹೆಸರಿನ ಮೊದಲ ಭಾಗ ಮಾತ್ರ ಕಂಡು ಉಳಿದದ್ದು ಚುಕ್ಕಿಗಳಲ್ಲಿ ಮುಗಿಯುತ್ತದೆ. ಹಾಗಾಗಿ ಇದು ಏನು ಎಂದು ಹೇಳುವ ಮಾತು ಮೊದಲೇ ಬರಬೇಕು. "ನಮ್ಮ ಸಂಗೀತ ಶಾಲೆಯ ಆಯ್ದ" ಎಂದು ಶುರುವಾದರೆ "ವಚನ" ಅನ್ನುವ ಶಬ್ದವೇ ಕಾಣುವುದಿಲ್ಲ. ಇಂಗ್ಲಿಷ್ ಮೊದಲಿಡಬೇಕೋ ಕನ್ನಡವೋ ಎಂದು ಮನೆಯಲ್ಲಿ ಚರ್ಚೆಯಾಯಿತು. ತಮ್ಮನ ಮಗ ಇಂಗ್ಲಿಷ್ ಮೊದಲು ಅಂದ. ನಾನು ಒಪ್ಪಲಿಲ್ಲ. ಹುಡುಕಾಟಕ್ಕೆ ಶಬ್ದ ಹಿಂದಿದ್ದರೂ ಸಿಗುತ್ತದೆ, ಕಣ್ಣಿಗೆ ಕಾಣುವುದು ಮಾತ್ರ ಮುಂದಿನದು. ಕನ್ನಡದ ಕೇಳುಗರಿಗೆ ಮೊದಲ ನೋಟಕ್ಕೆ ಕನ್ನಡ ಕಾಣಲಿ ಅಂದೆ. ಕೊನೆಗೆ ನಿಂತದ್ದು ಇದು:

`ಶರಣರ ವಚನ ಗಾಯನ, ಹಿಂದೂಸ್ತಾನಿ | Basavanna Akkamahadevi Vachana`

ಬಿಡಿಸಿ ಎಣಿಸಿದರೆ 59 ಬರುತ್ತದೆ. ಮಿತಿಗೆ ತುಂಬಾ ಜಾಗ ಉಳಿದಿದೆ. ಉಳಿದ ಜಾಗದಲ್ಲಿ ಅಲ್ಲಮ, ಸಿದ್ಧರಾಮ, ದೇವರ ದಾಸಿಮಯ್ಯ ಎಂದು ಹೆಸರು ತುಂಬುವ ಆಸೆ ಬರುತ್ತದೆ. ತುಂಬಬೇಡಿ. ಹಾಗೆ ಶಬ್ದ ಸುರಿದ ಪಟ್ಟಿಗಳು ಹುಡುಕಿದಾಗ ಬಹಳ ಕಾಣುತ್ತವೆ. ಒಳಗೆ ಹೋದರೆ ಹೆಸರಿಗೂ ಹಾಡಿಗೂ ಸಂಬಂಧ ಇರುವುದಿಲ್ಲ, ಕೇಳುಗ ಎರಡು ನಿಮಿಷಕ್ಕೆ ಹೊರಬರುತ್ತಾನೆ. ಇನ್ನು ಸಂಸ್ಥೆಗಳ ಹೆಸರನ್ನೋ `Official` ಅನ್ನುವ ಮಾತನ್ನೋ ನಮ್ಮ ಪಟ್ಟಿಗೆ ಅಂಟಿಸುವುದು ಸರಿಯಲ್ಲ. ದೂರು ಬಂದರೆ ಹೆಸರು, ಚಿತ್ರ ಎರಡೂ ಹೋಗಬಹುದು.

ಹೆಸರು ಕಾಗದದ ಮೇಲೆ ಸಿದ್ಧವಾದ ದಿನವೇ ಮೊದಲ ಅಡ್ಡಿ ಬಂತು. ಮುಖಚಿತ್ರ ಮಾಡಿಸಲೆಂದು ಮಂಡಿಪೇಟೆ ಕಡೆಯ ಒಂದು ಡಿಟಿಪಿ ಅಂಗಡಿಗೆ ಹೋಗಿದ್ದೆ. ಅಲ್ಲೇ ಹೆಸರು, ವಿವರಣೆ ಎರಡನ್ನೂ ಟೈಪ್ ಮಾಡಿಸಿ ಫೈಲ್ ತಂದೆ. ಮನೆಗೆ ಬಂದು ಕಾಪಿ ಮಾಡಿ ಹೆಸರಿನ ಜಾಗದಲ್ಲಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳ ಸಾಲು ಬಂತು. ಫೋನ್ ಕೆಟ್ಟಿದೆಯೋ ಎಂದು ಗಾಬರಿಯಾಯಿತು. ಕಾರಣ ತಿಳಿದದ್ದು ಆಮೇಲೆ. ಲಗ್ನಪತ್ರಿಕೆ, ಫ್ಲೆಕ್ಸ್ ಮಾಡುವ ಬಹಳಷ್ಟು ಅಂಗಡಿಗಳಲ್ಲಿ ಈಗಲೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಮತ್ತಿತರ ಗುರುತುಗಳೇ, ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಕಡೆ "ಕನ್ನಡ" ಎಂಬ ಶಬ್ದ ಹೀಗೆ ಕಾಣುತ್ತದೆ:

```
PÀ£ÀßqÀ
```

ನಿಮ್ಮ ಪರದೆಯಲ್ಲಿ ಇಂಥದ್ದು ಕಂಡರೆ ಫೋನಿನದು ಏನೂ ತಪ್ಪಿಲ್ಲ. ಆ ಪಠ್ಯ ಯೂನಿಕೋಡ್‌ನಲ್ಲಿ ಇಲ್ಲ, ಅಷ್ಟೇ. ಪರಿವರ್ತಿಸುವ ತಂತ್ರಾಂಶಗಳಿವೆ, ಆದರೆ ಎರಡು ಸಾಲಿಗೆ ಅಷ್ಟು ಕಷ್ಟ ಬೇಡ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ನೀವೇ ಹೊಸದಾಗಿ ಟೈಪ್ ಮಾಡಿ. ಮುಗಿದ ಮೇಲೆ ಅದನ್ನು ವಾಟ್ಸಾಪ್‌ನಲ್ಲಿ ಇನ್ನೊಬ್ಬರಿಗೆ ಕಳಿಸಿ, ಅವರ ಫೋನಿನಲ್ಲೂ ಕನ್ನಡವಾಗಿಯೇ ಕಂಡರೆ ಸರಿ ಇದೆ ಎಂದರ್ಥ.

ಟೈಪ್ ಮಾಡುವಾಗ ಕಾಗುಣಿತವನ್ನೂ ಒಮ್ಮೆ ನೋಡಿಕೊಳ್ಳಿ. ಹಿಂದೂಸ್ತಾನಿ, ಹಿಂದುಸ್ತಾನಿ, ಹಿಂದೂಸ್ಥಾನಿ ಎಂದು ಮೂರೂ ರೀತಿ ಜನ ಬರೆಯುತ್ತಾರೆ. ನಾನು ಮೈಕ್ ಒತ್ತಿ ಹೇಳಿದಾಗ ಫೋನ್ ತಾನಾಗಿ ಯಾವ ರೂಪ ಬರೆಯುತ್ತದೋ ಅದನ್ನೇ ಉಳಿಸಿಕೊಂಡೆ, ಬಾಯಲ್ಲಿ ಹೇಳಿ ಹುಡುಕುವವರಿಗೆ ಅದೇ ಬರುವುದರಿಂದ.

ವಿವರಣೆಗೆ 300ರ ಮಿತಿ. ನಾನು ಮೊದಲು ಬರೆದದ್ದು ಒಂದು ಪುಟ ಇತ್ತು. ಹನ್ನೆರಡನೇ ಶತಮಾನ, ಅನುಭವ ಮಂಟಪ, ವಚನ ಗಾಯನ ಬೆಳೆದು ಬಂದ ಬಗೆ, ಎಲ್ಲ ಪ್ರೀತಿಯಿಂದ ಬರೆದಿದ್ದೆ. ಅದನ್ನೆಲ್ಲ ತೆಗೆಯುವಾಗ ಸಂಕಟವಾಯಿತು. ಕಡಿಮೆ ಮಾಡುತ್ತಾ ಹೋದಂತೆ ಒಂದು ಪ್ರಶ್ನೆ ಮಾತ್ರ ಉಳಿಯಿತು. ಈ ಪಟ್ಟಿಯನ್ನು ಮೊದಲ ಸಲ ನೋಡುವವರು ಒತ್ತುವ ಮುಂಚೆ ಏನು ತಿಳಿಯಲು ಬಯಸುತ್ತಾರೆ? ಯಾರ ವಚನ, ಯಾರು ಹಾಡಿದ್ದು, ಯಾವ ಕ್ರಮದಲ್ಲಿದೆ. ಇಷ್ಟೇ. ವಚನದ ಚರಿತ್ರೆ ಬೇಕಾದವರಿಗೆ ಬೇರೆ ಪುಸ್ತಕಗಳಿವೆ.

ಉಳಿದದ್ದು ಹೀಗಿದೆ:

"ಬಸವಣ್ಣ, ಅಕ್ಕಮಹಾದೇವಿ, ಅಲ್ಲಮಪ್ರಭು ಅವರ ವಚನಗಳು, ಹಿಂದೂಸ್ತಾನಿ ರಾಗಗಳಲ್ಲಿ. ಹಾಡಿದವರು ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ವೆಂಕಟೇಶ ಕುಮಾರ. `Mansur, Rajguru, Jambaldinni, Venkatesh Kumar.` ಬೆಳಗಿನ ರಾಗಗಳು ಮೊದಲು, ಸಂಜೆಯವು ನಂತರ."

ಇದು ಸುಮಾರು 230 ಆಗುತ್ತದೆ. ಗಾಯಕರ ಹೆಸರನ್ನು ಎರಡು ಲಿಪಿಯಲ್ಲಿ ಕೊಟ್ಟದ್ದು ಕನ್ನಡ ಕೇಳಿ ಅರ್ಥವಾಗುವ, ಓದಲು ಬಾರದ ಕೇಳುಗರಿಗಾಗಿ. ಹೊರರಾಜ್ಯದಲ್ಲಿ ಬೆಳೆದ ನಮ್ಮ ಮಕ್ಕಳೇ ಎಷ್ಟೋ ಜನ ಹಾಗಿದ್ದಾರೆ. ವಿವರಣೆಯಲ್ಲಿ ಗಾಯಕರ ಹೆಸರಿದೆ ಎಂಬ ಕಾರಣಕ್ಕೆ ಪಟ್ಟಿ ಹುಡುಕಾಟದಲ್ಲಿ ಮೇಲೆ ಬರುತ್ತದೆ ಎಂದು ಎಣಿಸಬೇಡಿ. ಮನ್ಸೂರರ ಹೆಸರು ಹೊಡೆದಾಗ ಮೊದಲು ಬಂದದ್ದು ಅವರ ಹಾಡುಗಳು, ಅವರ ಆಲ್ಬಂಗಳು, ಅದೇ ನ್ಯಾಯ ಕೂಡ. ಹುಡುಕುವ ಶಬ್ದ ಶೀರ್ಷಿಕೆಯಲ್ಲಿರಬೇಕು. ವಿವರಣೆ ಇರುವುದು ಬಂದವರು ಒಳಗೆ ಬರಲು.

ಕೊನೆಯ ವಾಕ್ಯಕ್ಕೆ ಕೇಳುಗರಿಂದ ಅತಿ ಹೆಚ್ಚು ಮಾತು ಬಂತು. ಕ್ರಮ ಹೇಳಿದ ಮೇಲೆ ಕ್ರಮ ಇರಲೇಬೇಕು. ಹಾಗಾಗಿ ಒಂದು ಭಾನುವಾರ ಪೂರ್ತಿ ಕೂತು ಹಾಡುಗಳನ್ನು ಎಳೆದು ಎಳೆದು ಜೋಡಿಸಿದೆ. ಭೈರವ್, ಅಹೀರ್ ಭೈರವ್, ತೋಡಿ ಮೊದಲಿಗೆ. ಯಮನ್ ಸಂಜೆಗೆ. ಭೈರವಿ ಬೆಳಗಿನ ರಾಗ, ಆದರೂ ಕಚೇರಿ ಮುಗಿಸುವುದು ಅದರಲ್ಲೇ. ಅದಕ್ಕೆ ಭೈರವಿಯ ವಚನಗಳನ್ನು ಕೊನೆಗೇ ಇಟ್ಟೆ. ಷಫಲ್ ಹಾಕಿ ಕೇಳಿದರೆ ಈ ಕ್ರಮ ಉಳಿಯುವುದಿಲ್ಲ, ಅದಕ್ಕೆ ನಾವು ಮಾಡುವಂಥದ್ದು ಏನಿಲ್ಲ.

ಎರಡು ಸಣ್ಣ ಸೂಚನೆ. ವಿವರಣೆಯನ್ನು ಸಾಲು ಸಾಲಾಗಿ ಒಡೆದು ಬರೆದರೆ ಪ್ರಯೋಜನವಿಲ್ಲ, ಸ್ಪಾಟಿಫೈ ಅದನ್ನು ಒಂದೇ ಪ್ಯಾರಾ ಮಾಡುತ್ತದೆ. ಹಾಗಾಗಿ ಪೂರ್ಣವಿರಾಮ ಹಾಕಿ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಇನ್ನೊಂದು, "ಇಷ್ಟು ಹಾಡುಗಳು" ಎಂದು ಸಂಖ್ಯೆ ಬರೆಯಬೇಡಿ. ಕಂಪನಿಗಳ ಹಕ್ಕು ಬದಲಾದಾಗ ಕೆಲವು ಹಾಡುಗಳು ಬೂದು ಬಣ್ಣಕ್ಕೆ ತಿರುಗಿ ಕೇಳಲು ಸಿಗದಂತಾಗುತ್ತವೆ. ಆಗ ಬರೆದ ಸಂಖ್ಯೆ ಸುಳ್ಳಾಗುತ್ತದೆ.

ಮುಖಚಿತ್ರಕ್ಕೆ ದುಡ್ಡೂ ಹೋಯಿತು, ತಾಳ್ಮೆಯೂ ಬೇಕಾಯಿತು. ನಾವು ಏನೂ ಹಾಕದಿದ್ದರೆ ಪಟ್ಟಿಯ ಮೊದಲ ನಾಲ್ಕು ಆಲ್ಬಂಗಳ ಚಿತ್ರಗಳನ್ನು ಜೋಡಿಸಿ ಒಂದು ಚೌಕ ಮಾಡಿ ತೋರಿಸುತ್ತಾರೆ. ವಚನದ ಹಳೆಯ ಕ್ಯಾಸೆಟ್‌ಗಳ ಹೊದಿಕೆ ಹೆಚ್ಚಾಗಿ ಕಾವಿ ಬಣ್ಣದವು, ಮೇಲೆ ಲಿಂಗ, ಗಾಯಕರ ಮುಖ, ತುಂಬಾ ಅಕ್ಷರ. ನಾಲ್ಕನ್ನು ಒಟ್ಟು ಸೇರಿಸಿ ಬೆರಳ ತುದಿಯಷ್ಟು ಮಾಡಿದಾಗ ಏನೂ ಗುರುತು ಸಿಗುವುದಿಲ್ಲ.

ಬಸವಣ್ಣನ ಕ್ಯಾಲೆಂಡರ್ ಚಿತ್ರ ಹಾಕಿ ಎಂದು ಹಲವರು ಹೇಳಿದರು. ಮನಸ್ಸಿಗೆ ಹತ್ತಿರವಾದ ಸಲಹೆ. ಆದರೆ ಆ ಚಿತ್ರವನ್ನು ಒಬ್ಬ ಕಲಾವಿದರು ಬರೆದಿರುತ್ತಾರೆ. ನಮ್ಮ ದೇಶದ ಕಾಯ್ದೆಯಲ್ಲಿ ಚಿತ್ರಕಲೆಯ ಹಕ್ಕು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಪತ್ರಿಕೆಯಲ್ಲಿ ಬಂದ ಮನ್ಸೂರರ ಫೋಟೋ, ಆಲ್ಬಂ ಹೊದಿಕೆ, ಇವೂ ಬೇರೆಯವರವೇ. ಇನ್ನೊಂದು ಕಾರಣವೂ ಇತ್ತು. ಒಬ್ಬ ಗಾಯಕರ ಮುಖ ಹಾಕಿದರೆ ಪಟ್ಟಿ ಅವರದ್ದೊಂದೇ ಅನ್ನಿಸುತ್ತದೆ, ಇದು ನಾಲ್ವರದ್ದು. ಹಾಗಾಗಿ ನಮ್ಮ ಮನೆಯ ತಂಬೂರಿಯ ಫೋಟೋ ನಾನೇ ತೆಗೆದೆ. ಬೆಳಗ್ಗೆ ಪಡಸಾಲೆಯ ಕಿಟಕಿಯ ಬೆಳಕಿನಲ್ಲಿ, ಹಿಂದೆ ಬಿಳಿ ಗೋಡೆ ಬರುವ ಹಾಗೆ. ಪೂರ್ತಿ ತಂಬೂರಿ ಚೌಕದಲ್ಲಿ ಕೂರುವುದಿಲ್ಲ, ಉದ್ದವಾಗಿ ಕಡ್ಡಿಯ ಹಾಗೆ ಕಾಣುತ್ತದೆ. ಬುರುಡೆ, ಅದರ ಮೇಲೆ ತಂತಿಗಳನ್ನು ಹೊತ್ತ ಕುದುರೆ, ನಾಲ್ಕು ತಂತಿ ಮಾತ್ರ ತುಂಬಿಕೊಳ್ಳುವಂತೆ ಹತ್ತಿರದಿಂದ ತೆಗೆದದ್ದು ಚೆನ್ನಾಗಿ ಬಂತು.

ಆ ಫೋಟೋವನ್ನು ಡಿಟಿಪಿ ಅಂಗಡಿಗೆ ಕೊಟ್ಟೆ. 200 ರೂಪಾಯಿ ತಗೊಂಡರು. ಹುಡುಗ ಒಳ್ಳೆಯ ಕೆಲಸಗಾರ, ಆದರೆ ಅವನ ಕೈ ಪಳಗಿರುವುದು ಫ್ಲೆಕ್ಸಿಗೆ. ಮೊದಲು ಅಡ್ಡ ಉದ್ದದ ಚಿತ್ರ ಕೊಟ್ಟ. "ಚೌಕ ಬೇಕಪ್ಪ" ಎಂದು ಮತ್ತೆ ಹೋದೆ. ಚೌಕ ಮಾಡಿದ, ಮೂರು ಸಾಲು ಅಕ್ಷರ ಕೂಡಿಸಿದ, ಸುತ್ತ ಹೂವಿನ ಅಂಚು. ಅಂಗಡಿಯ ದೊಡ್ಡ ಪರದೆಯಲ್ಲಿ ಸೊಗಸಾಗಿತ್ತು. ಫೋನಿಗೆ ಹಾಕಿ ನೋಡಿದರೆ ತಂಬೂರಿಯ ಕಂದು ಬಣ್ಣವೇ ಬೇರೆಯಾಗಿತ್ತು, ಮಂಕಾಗಿ ಹಸಿರು ತಿರುಗಿತ್ತು. ಮುದ್ರಣಕ್ಕೆ ಬಳಸುವ ನಾಲ್ಕು ಬಣ್ಣದ ಕ್ರಮದಲ್ಲಿ, ಅಂದರೆ `CMYK`ಯಲ್ಲಿ, ಫೈಲ್ ಉಳಿಸಿದ್ದೇ ಕಾರಣ. ಪರದೆಗೆ ಬೇಕಾದದ್ದು `RGB`. ಅಂಗಡಿಗೆ ಹೋದಾಗ ಈ ಮೂರು ಮಾತು ಮೊದಲೇ ಹೇಳಿಬಿಡಿ: ಅಗಲ ಎತ್ತರ ಸಮ ಇರುವ ಚೌಕ, `RGB`, `JPEG`. ಸ್ಪಾಟಿಫೈ 300 ಪಿಕ್ಸೆಲ್‌ಗಿಂತ ಸಣ್ಣ ಚಿತ್ರವನ್ನು ಒಪ್ಪುವುದಿಲ್ಲ. ನಾನು 1000ಕ್ಕೆ 1000 ಮಾಡಿಸಿದೆ, ಟಿವಿಯಲ್ಲಿ ಹಾಕಿದರೂ ಒಡೆದು ಕಾಣುವುದಿಲ್ಲ.

ಬಣ್ಣ ಸರಿಯಾದ ಮೇಲೂ ಅಕ್ಷರದ ತೊಂದರೆ ಉಳಿಯಿತು, ಇದು ಕನ್ನಡಕ್ಕೇ ಸೇರಿದ ತೊಂದರೆ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಚಿತ್ರ ಚಿಕ್ಕದಾದಾಗ ಮೊದಲು ಅಳಿಸಿಹೋಗುವುದೂ ಅವೇ. "ಹಿಂದೂಸ್ತಾನಿ"ಯ ತವೊತ್ತು ಒಂದು ಚುಕ್ಕಿಯಾಯಿತು. ಸಾಲುಗಳ ನಡುವೆ ಜಾಗ ಕಡಿಮೆ ಇದ್ದ ಕಡೆ ಒತ್ತು ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲಾಗದಂತಾಯಿತು. ಇದನ್ನು ಪರೀಕ್ಷಿಸುವುದು ಸುಲಭ. ಚಿತ್ರವನ್ನು ಫೋನಿನ ಗ್ಯಾಲರಿಯಲ್ಲಿ ಅತಿ ಚಿಕ್ಕ ಚೌಕಗಳು ಬರುವ ನೋಟಕ್ಕೆ ತಂದು, ಕೈ ಚಾಚಿ ಹಿಡಿದು ನೋಡಿ. ಓದಲು ಬಂದ ಅಕ್ಷರ ಮಾತ್ರ ಚಿತ್ರದಲ್ಲಿ ಉಳಿಯಬೇಕು. ನಮ್ಮದರಲ್ಲಿ ಉಳಿದದ್ದು "ವಚನ" ಒಂದೇ. ಮೂರೇ ಅಕ್ಷರ, ಒತ್ತಿಲ್ಲ, ಕೆಳಗೆ ಮೇಲೆ ಏನೂ ಇಲ್ಲ. ಉಳಿದ ಎರಡು ಸಾಲು, ಹೂವಿನ ಅಂಚು ಎಲ್ಲ ತೆಗೆಸಿದೆ. ಹೆಸರು ಪಕ್ಕದಲ್ಲೇ ಅಕ್ಷರದಲ್ಲಿ ಬರುತ್ತದೆ, ಚಿತ್ರದಲ್ಲಿ ಮತ್ತೆ ಬರೆಯುವ ಅಗತ್ಯವೇ ಇಲ್ಲ. ಕಂದು ಬುರುಡೆಯ ಮೇಲೆ ಬಿಳಿ ದಪ್ಪ ಅಕ್ಷರದಲ್ಲಿ "ವಚನ". ಅದು ಕೈ ಚಾಚಿದಾಗಲೂ ಓದಲು ಬಂತು. ತಿದ್ದಿದ್ದಕ್ಕೆ ಮತ್ತೆ 100 ರೂಪಾಯಿ. ಇಷ್ಟೇ ಬೇಕು ಎಂದು ಮೊದಲೇ ತಿಳಿದಿದ್ದರೆ ಫೋನಿನಲ್ಲೇ ಫೋಟೋ ಕತ್ತರಿಸಿ, ಅಕ್ಷರ ಸೇರಿಸಿ ಖರ್ಚಿಲ್ಲದೆ ಮಾಡಬಹುದಿತ್ತು. ನೀವು ಹಾಗೆ ಮಾಡಿ.

ಎಲ್ಲ ಕೈಗೆ ಬಂದ ಮೇಲೆ ಹಾಕುವುದು ಐದು ನಿಮಿಷದ ಕೆಲಸ. ಪ್ಲೇಲಿಸ್ಟ್ ತೆರೆದು ಮೂರು ಚುಕ್ಕಿ ಒತ್ತಿದರೆ ತಿದ್ದುವ ಆಯ್ಕೆ ಸಿಗುತ್ತದೆ. ಅಲ್ಲೇ ಹೆಸರು, ವಿವರಣೆ, ಚಿತ್ರ. ಅದೇ ಮೂರು ಚುಕ್ಕಿಯಲ್ಲಿ ಇನ್ನೊಂದು ಮುಖ್ಯ ಸಾಲಿದೆ. ಅಲ್ಲಿ `Make public` ಎಂದು ಬರೆದಿದ್ದರೆ ಪಟ್ಟಿ ಈಗ ಖಾಸಗಿಯಾಗಿದೆ ಎಂದರ್ಥ, ಅದನ್ನು ಒತ್ತಬೇಕು. `Make private` ಎಂದಿದ್ದರೆ ಈಗಾಗಲೇ ಸಾರ್ವಜನಿಕ, ಮುಟ್ಟಬೇಡಿ. ಪರದೆಯಲ್ಲಿ ಕಾಣುವುದು ಈಗಿನ ಸ್ಥಿತಿಯಲ್ಲ, ಒತ್ತಿದರೆ ಆಗುವ ಬದಲಾವಣೆ. ನಮ್ಮ ಪಾಠದ ಇಬ್ಬರು ಹೆಣ್ಣುಮಕ್ಕಳು ತಮ್ಮ ಪಟ್ಟಿ ಸಾರ್ವಜನಿಕ ಮಾಡಲು ಹೋಗಿ ಇಲ್ಲೇ ಗೊಂದಲಕ್ಕೆ ಬಿದ್ದರು. ಜೊತೆಗೆ, ಸಾರ್ವಜನಿಕ ಮಾಡಿದ ಮೇಲೆ ಪಟ್ಟಿಯ ಕೆಳಗೆ ನಿಮ್ಮ ಪ್ರೊಫೈಲಿನ ಹೆಸರು ಎಲ್ಲರಿಗೂ ಕಾಣುತ್ತದೆ. ಅಲ್ಲಿ ಪೂರ್ತಿ ಹೆಸರು, ಫೋನ್ ನಂಬರ್ ಇರುವ ಹೆಸರು ಬೇಡ ಅನ್ನಿಸಿದರೆ ಮೊದಲೇ ಬದಲಿಸಿ. ನಾನು ನಮ್ಮ ಸಂಗೀತ ಪಾಠದ ಹೆಸರನ್ನೇ ಇಟ್ಟಿದ್ದೇನೆ.

ಮುಂದಿನದು ಕಾಯುವ ಕೆಲಸ, ನನಗೆ ಹೆಚ್ಚು ಆತಂಕ ತಂದದ್ದು ಇದೇ. ಹಾಕಿದ ತಕ್ಷಣ ಹುಡುಕಿದೆ, ನನ್ನ ಫೋನಿನಲ್ಲಿ ಮೊದಲನೆಯದಾಗಿಯೇ ಬಂತು. ಸಂತೋಷದಿಂದ ಚಳ್ಳಕೆರೆಗೆ ಫೋನ್ ಮಾಡಿದರೆ ಅಲ್ಲಿ ಇಲ್ಲ. ಹರಿಹರದಲ್ಲೂ ಇಲ್ಲ. ನಮ್ಮದೇ ಖಾತೆಯಲ್ಲಿ ನಮ್ಮ ಪಟ್ಟಿಗೆ ಆದ್ಯತೆ ಸಿಗುವುದು ಸಹಜ. ಆ ಫಲಿತಾಂಶವನ್ನು ನಂಬಬಾರದು. ನಿಮ್ಮನ್ನು ಫಾಲೋ ಮಾಡದ, ನಿಮ್ಮ ಲಿಂಕ್ ಎಂದೂ ತೆರೆಯದ ಒಬ್ಬರ ಫೋನಿನಲ್ಲಿ ಹುಡುಕಿಸಬೇಕು. ಎದುರು ಮನೆಯ ಹುಡುಗನ ಫೋನ್ ನನಗೆ ಅದಕ್ಕಾಯಿತು. ಮೊದಲು ಹೆಸರನ್ನು ಪೂರ್ತಿ ಹೊಡೆದು, ಪ್ಲೇಲಿಸ್ಟ್‌ಗಳ ವಿಭಾಗದಲ್ಲಿ ನೋಡಿ. ಪೂರ್ತಿ ಹೆಸರಿಗೂ ಬರದಿದ್ದರೆ ಪಟ್ಟಿ ಇನ್ನೂ ಹುಡುಕಾಟಕ್ಕೆ ಸೇರಿಲ್ಲ, ಅಥವಾ ಖಾಸಗಿಯಾಗಿಯೇ ಉಳಿದಿದೆ. ಪೂರ್ತಿ ಹೆಸರಿಗೆ ಬಂದು `basavanna vachana` ಎಂದಾಗ ಬರದಿದ್ದರೆ ಸೇರಿದೆ, ಆದರೆ ಮುಂದಿನ ಸಾಲಿನಲ್ಲಿ ನಿಲ್ಲುವಷ್ಟು ಜನ ಇನ್ನೂ ಕೇಳಿಲ್ಲ ಎಂದುಕೊಳ್ಳಿ. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ಸೆಟ್ಟಿಂಗ್ ನೋಡಿ ಕಾಯಬೇಕು, ಎರಡನೆಯದಕ್ಕೆ ಕೇಳುಗರು ಬೇಕು. ಯಾವುದೇ ಸಂದರ್ಭದಲ್ಲೂ ದಿನಕ್ಕೊಂದು ಹೆಸರು ಬದಲಿಸುತ್ತಾ ಕೂರಬೇಡಿ. ಒಂದು ಹೆಸರು ನೆನಪಿಟ್ಟು ಮತ್ತೆ ಹುಡುಕುವವರಿಗೆ ಅದು ಸಿಗದೆ ಹೋಗುತ್ತದೆ.

ನಮ್ಮದು ಮೊದಲು ಪೂರ್ತಿ ಹೆಸರಿಗೆ ಬಂತು, ಕೆಲವು ದಿನಗಳ ನಂತರ "ಶರಣರ ವಚನ" ಎಂದು ಮೈಕಿನಲ್ಲಿ ಹೇಳಿದಾಗ ಬಂತು. `basavanna vachana` ಎಂದಾಗ ಈಗಲೂ ಬಹಳ ಕೆಳಗಿದೆ, ದೊಡ್ಡ ಪಟ್ಟಿಗಳು ಮೇಲಿವೆ. ಕನ್ನಡ ಲಿಪಿಯಲ್ಲಿ ಹೆಸರಿರುವ ಪಟ್ಟಿಗಳು ನನಗೆ ಅಲ್ಲಿ ಕಂಡದ್ದು ಕಡಿಮೆ, ಅದರಿಂದಲೇ ಕನ್ನಡದಲ್ಲಿ ಹುಡುಕುವವರಿಗೆ ನಮ್ಮದು ಬೇಗ ಕಣ್ಣಿಗೆ ಬೀಳುತ್ತಿದೆ. ಪಟ್ಟಿಯನ್ನು ಎಷ್ಟು ಜನ ಉಳಿಸಿಕೊಂಡಿದ್ದಾರೆ ಎಂಬ ಸಂಖ್ಯೆ ಅದರ ಪುಟದಲ್ಲೇ ಕಾಣುತ್ತದೆ. ನಮ್ಮ ಪಾಠದವರ ಲೆಕ್ಕವನ್ನು ದಾಟಿ ಅದು ಮುಂದೆ ಹೋದ ದಿನ ನನಗಾದ ಸಂತೋಷ ಹೇಳಲು ಬಾರದು. ಚಳ್ಳಕೆರೆಯ ಅಜ್ಜಿ ಈಗ ತಾವೇ ಮೈಕ್ ಒತ್ತಿ ಹುಡುಕಿ ಕೇಳುತ್ತಾರಂತೆ.

ವಾಟ್ಸಾಪ್‌ನಲ್ಲಿ ಹಂಚುವವರಿಗೆ ಒಂದು ಮಾತು. ಲಿಂಕ್ ಕಳಿಸಿದಾಗ ಹೆಸರು, ಚಿತ್ರ ಎರಡೂ ಪುಟ್ಟದಾಗಿ ಅಲ್ಲೇ ಬರುತ್ತವೆ. ನೀವು ಮುಖಚಿತ್ರ ಬದಲಿಸಿದರೂ ಹಿಂದೆ ಕಳಿಸಿದ ಸಂದೇಶದಲ್ಲಿ ಹಳೆಯದೇ ಇರುತ್ತದೆ. ಗುಂಪುಗಳಿಗೆ ಹೊಸದಾಗಿ ಕಳಿಸಿ. ಲಿಂಕ್ ಮಾತ್ರ ಬದಲಾಗುವುದಿಲ್ಲ, ಹಳೆಯದನ್ನು ಒತ್ತಿದರೂ ಅದೇ ಪಟ್ಟಿ ತೆರೆಯುತ್ತದೆ.

ಸ್ಪಾಟಿಫೈ ಇಲ್ಲದವರು ಬಹಳ ಜನ, ಅವರಿಗಾಗಿ ಇದೇ ಪಟ್ಟಿಯನ್ನು ಈಗ ಯೂಟ್ಯೂಬ್‌ನಲ್ಲೂ ಕಟ್ಟುತ್ತಿದ್ದೇನೆ. ಅಲ್ಲಿ ಹೆಸರಿಗೆ 150, ವಿವರಣೆಗೆ 5000 ಮಿತಿ. ಹಾಗಾಗಿ ಯಾವ ವಚನ ಯಾವ ರಾಗದಲ್ಲಿದೆ ಎಂದು ಸಾಲಾಗಿ ಬರೆಯಲು ಜಾಗವಿದೆ. ಸ್ಥಿತಿ ಮೂರು: `Public`, `Unlisted`, `Private`. ನಡುವಿನದರಲ್ಲಿ ಲಿಂಕ್ ಇದ್ದವರಿಗೆ ತೆರೆಯುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ. ಮಕ್ಕಳ ಫೋನಿನಲ್ಲಿ ತೆರೆಯಿತು ಎಂದು ಸುಮ್ಮನಾಗದೆ `Public` ಇದೆಯೇ ನೋಡಿ. ಮುಖಚಿತ್ರವಾಗಿ ಮೊದಲ ವಿಡಿಯೋದ ಚಿತ್ರವೇ ಬರುತ್ತದೆ. ಪಟ್ಟಿಯೊಳಗಿನ ಬೇರೆ ವಿಡಿಯೋದ ಮೂರು ಚುಕ್ಕಿ ಒತ್ತಿ `Set as playlist thumbnail` ಕೊಟ್ಟರೆ ಅದರ ಚಿತ್ರ ಬರುತ್ತದೆ. ನಮ್ಮ ಪಟ್ಟಿಯಲ್ಲಿ ತಂಬೂರಿ ಚೆನ್ನಾಗಿ ಕಾಣುವ ಒಂದು ಕಚೇರಿಯ ವಿಡಿಯೋ ಇದೆ, ಅದನ್ನೇ ಇಟ್ಟಿದ್ದೇನೆ. ರಾಗಗಳ ಹೆಸರು ತುಂಬುವುದು ಅರ್ಧ ಆಗಿದೆ, ಸಂಜೆಯ ರಾಗಗಳು ಬಾಕಿ.